ತಿಂಗಳ ನಡುವೆ ಪ್ಲಾನ್ ಬದಲಾದಾಗ

ಜುಲೈ ಒಂದನೇ ತಾರೀಖು ಬೆಳಿಗ್ಗೆ ಶಿವಮೊಗ್ಗದಿಂದ ಅಕ್ಕನ ಫೋನು. "ಏನೋ ಇದು? ಸಾವಿರದ ಐನೂರರ ಪ್ಲಾನು ಅಂತ ತಗೊಂಡೆ. ಎರಡು ಸಾವಿರದ ನಾನೂರ ಏಳು ರೂಪಾಯಿ ಎಳ್ಕೊಂಡಿದಾರೆ. ಟ್ಯಾಕ್ಸ್ ಅಂದ್ರೂ ಇಷ್ಟಾಗುತ್ತಾ?"

ಅಕ್ಕ ಮನೆಯಿಂದಲೇ ಆನ್‌ಲೈನಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಅದಕ್ಕೊಂದು ವಿಡಿಯೊ ಕ್ಲಾಸಿನ ಸೇವೆಗೆ ತಿಂಗಳಿಗೆ 600 ರೂಪಾಯಿಯ ಬೇಸಿಕ್ ಪ್ಲಾನ್ ಕಟ್ಟುತ್ತಿದ್ದಳು. ಶಾಲೆ ಶುರುವಾದ ಮೇಲೆ ಹೊಸ ಮಕ್ಕಳು ಸೇರಿದರು, ಬೇಸಿಕ್ ಪ್ಲಾನಿನಲ್ಲಿ ಅಷ್ಟು ಜನಕ್ಕೆ ಜಾಗವಿರಲಿಲ್ಲ. ಜೂನ್ 13ರ ಸಂಜೆ ಪಾಠ ಮುಗಿಸಿ, ಪರದೆಯ ಮೇಲೆ ಕಂಡ 'ಅಪ್‌ಗ್ರೇಡ್' ಗುಂಡಿ ಒತ್ತಿ 1,500 ರೂಪಾಯಿಯ ಪ್ರೀಮಿಯಂ ಪ್ಲಾನಿಗೆ ಹೋದಳು. ಆ ದಿನ ಒಂದು ಪೈಸೆಯೂ ಕಟ್ಟಾಗಲಿಲ್ಲ. ಹಾಗಾಗಿ ಮುಂದಿನ ತಿಂಗಳಿಂದ 1,500, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 1,770 ಬರುತ್ತದೆ ಎಂದುಕೊಂಡಿದ್ದಳು. ಬಂದದ್ದು 2,407 ರೂಪಾಯಿ 20 ಪೈಸೆ.

"ಬಿಲ್ಲಿನ ಫೋಟೊ ಕಳಿಸಕ್ಕಾ, ನೋಡ್ತೀನಿ" ಅಂದೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಇಂಥ ಬಿಲ್ಲು ತಯಾರಿಸುವ ಸಾಫ್ಟ್‌ವೇರ್ ಬರೆಯುವುದೇ ಎಷ್ಟೋ ವರ್ಷಗಳಿಂದ ನನ್ನ ಕೆಲಸ. ಫೋಟೊ ಬಂದಾಗ ಅದರಲ್ಲಿ ಇದ್ದದ್ದು ಇಷ್ಟು:

```
Unused time on Basic after 13 Jun       -360.00
Remaining time on Premium after 13 Jun   900.00
Premium, 1 Jul to 31 Jul                1500.00
GST 18%                                  367.20
Total                                   2407.20
```

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅಕ್ಕ ಅದನ್ನು ಮೋಸ ಅಂದುಕೊಂಡದ್ದರಲ್ಲೂ ತಪ್ಪಿರಲಿಲ್ಲ. ಮೊದಲಿನ ಎರಡು ಸಾಲುಗಳ ಅರ್ಥವನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಆ ಎರಡು ಸಾಲುಗಳ ಹೆಸರೇ ಪ್ರೊರೇಶನ್. ಆಫೀಸುಗಳಲ್ಲಿ 'ಪ್ರೊರೇಟಾ ಆಧಾರದ ಮೇಲೆ' ಎನ್ನುತ್ತಾರಲ್ಲ, ಅದೇ ಮಾತು. ಪಾಲಿಗೆ ತಕ್ಕಷ್ಟು ಎಂದರ್ಥ.

ಅಕ್ಕನಿಗೆ ನಾನು ಹೇಳಿದ್ದು ನಮ್ಮ ಅಮ್ಮನ ಹಾಲಿನ ಲೆಕ್ಕದ ನೆನಪು. ನಮ್ಮ ಮನೆಗೆ ವರ್ತನೆ ಹಾಲು ಬರುತ್ತಿತ್ತು, ದಿನಕ್ಕೆ ಅರ್ಧ ಲೀಟರು. ನೆಂಟರು ಬಂದರೆ ತಿಂಗಳ ನಡುವೆಯೇ ಒಂದು ಲೀಟರಾಗುತ್ತಿತ್ತು. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಅಮ್ಮ ಆ ತಾರೀಖಿಗೆ ಗೆರೆ ಎಳೆದಿಡುತ್ತಿದ್ದಳು. ತಿಂಗಳ ಕೊನೆಗೆ, ಗೆರೆಯ ಈಚೆಗೆ ಇಷ್ಟು ಅರ್ಧ ಲೀಟರು, ಆಚೆಗೆ ಇಷ್ಟು ಒಂದು ಲೀಟರು, ಒಟ್ಟು ಇಷ್ಟು ದುಡ್ಡು. ಯಾರಿಗೂ ಗೊಂದಲವಿಲ್ಲ, ಯಾಕೆಂದರೆ ಅದು ಕುಡಿದ ಮೇಲೆ ಕೊಡುವ ದುಡ್ಡು.

ಸಬ್‌ಸ್ಕ್ರಿಪ್ಶನ್ ಹಾಗಲ್ಲ. ಇಲ್ಲಿ ಹಾಲು ಬರುವ ಮೊದಲೇ ತಿಂಗಳ ದುಡ್ಡು ಕೊಟ್ಟಾಗಿರುತ್ತದೆ. ಜೂನ್ 1ಕ್ಕೇ ಅಕ್ಕ ಜೂನ್ 30ರವರೆಗಿನ 600 ರೂಪಾಯಿಯನ್ನು ಮುಂಗಡ ಕಟ್ಟಿದ್ದಳು. 13ಕ್ಕೆ ಪ್ಲಾನ್ ಬದಲಿಸಿದಾಗ ಆ 600ರಲ್ಲಿ ಒಂದಷ್ಟು ಖರ್ಚಾಗಿತ್ತು, ಮಿಕ್ಕದ್ದು ಕಂಪನಿಯ ಕೈಯಲ್ಲಿತ್ತು. ಆ ಮಿಕ್ಕ ದುಡ್ಡು ಅಕ್ಕನದು. ಅದಕ್ಕೇ ಪ್ರೊರೇಶನ್ನಿನಲ್ಲಿ ಯಾವಾಗಲೂ ಎರಡು ಸಾಲು ಇರುತ್ತದೆ. ಒಂದು, ಹಳೆಯ ಪ್ಲಾನಿನಲ್ಲಿ ಬಳಸದೆ ಉಳಿದ ದಿನಗಳ ದುಡ್ಡು ನಿಮಗೆ ಜಮಾ. ಇನ್ನೊಂದು, ಅವೇ ದಿನಗಳಿಗೆ ಹೊಸ ಪ್ಲಾನಿನ ದರದಲ್ಲಿ ಖರ್ಚು.

ಜೂನ್ ತಿಂಗಳಿಗೆ 30 ದಿನ. ಬೇಸಿಕ್ ಪ್ಲಾನ್ ದಿನಕ್ಕೆ 20 ರೂಪಾಯಿ ಆಯಿತು, ಪ್ರೀಮಿಯಂ 50 ರೂಪಾಯಿ. ಅಕ್ಕ 12 ದಿನ ಬೇಸಿಕ್ ಬಳಸಿದ್ದಳು, 13ರಿಂದ 30ರವರೆಗೆ 18 ದಿನ ಉಳಿದಿತ್ತು. ಬೇಸಿಕ್‌ನ 18 ದಿನದ ದುಡ್ಡು 360 ರೂಪಾಯಿ ಜಮಾ, ಪ್ರೀಮಿಯಂನ 18 ದಿನದ್ದು 900 ರೂಪಾಯಿ ಖರ್ಚು. ಒಂದರಿಂದ ಒಂದು ಕಳೆದರೆ ಅವಳು ಜೂನ್ ತಿಂಗಳಿಗೆ ಇನ್ನೂ ಕೊಡಬೇಕಾದದ್ದು 540. ಅದರ ಮೇಲೆ ಜುಲೈ ತಿಂಗಳ ಮುಂಗಡ 1,500. ಎರಡೂ ಸೇರಿ 2,040, ಜಿಎಸ್‌ಟಿ ಹಾಕಿದರೆ 2,407.20.

ಈ ಲೆಕ್ಕವನ್ನು ಅಮ್ಮನ ರೀತಿಯಲ್ಲೂ ತಾಳೆ ನೋಡಬಹುದು. ಗೆರೆಯ ಈಚೆಗೆ 12 ದಿನ, ದಿನಕ್ಕೆ 20ರಂತೆ 240. ಆಚೆಗೆ 18 ದಿನ, ದಿನಕ್ಕೆ 50ರಂತೆ 900. ಜೂನ್‌ಗೆ ಒಟ್ಟು 1,140. ಅಕ್ಕ ಮೊದಲೇ ಕಟ್ಟಿದ 600ಕ್ಕೆ ಈಗಿನ 540 ಸೇರಿಸಿದರೂ 1,140. ಬಿಲ್ಲಿನ ಭಾಷೆ ಎಷ್ಟೇ ಗೋಜಲಾಗಿರಲಿ, ಒಂದೊಂದು ಪ್ಲಾನಿನಲ್ಲಿ ಎಷ್ಟೆಷ್ಟು ದಿನ ಇದ್ದಿರೋ ಅದನ್ನು ಆಯಾ ದಿನದ ದರದಿಂದ ಗುಣಿಸಿ ಕೂಡಿಸಿ. ನೀವು ಆ ತಿಂಗಳಿಗೆ ಕೊಟ್ಟ ಒಟ್ಟು ದುಡ್ಡಿಗೆ ಅದು ತಾಳೆಯಾಗಬೇಕು. ಆಗದಿದ್ದರೆ ಎಲ್ಲೋ ತಪ್ಪಿದೆ.

"ಹಾಗಿದ್ರೆ ಅವತ್ತೇ ಯಾಕೆ ತಗೊಳ್ಳಲಿಲ್ಲ?" ಎಂದು ಅಕ್ಕ ಕೇಳಿದಳು. ಇಡೀ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಇದೇ. ಲೆಕ್ಕ ಹೇಗೆ ಹಾಕಬೇಕು ಎನ್ನುವುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಆ ದುಡ್ಡನ್ನು ಯಾವಾಗ ವಸೂಲಿ ಮಾಡಬೇಕು, ಜಮಾ ಆದದ್ದನ್ನು ಯಾವ ರೂಪದಲ್ಲಿ ವಾಪಸು ಕೊಡಬೇಕು ಎನ್ನುವುದನ್ನು ಮಾತ್ರ ಒಂದೊಂದು ಕಂಪನಿ ಒಂದೊಂದು ಥರ ಮಾಡುತ್ತದೆ. ಗ್ರಾಹಕ ಬೆಚ್ಚಿಬೀಳುವುದು ಅಲ್ಲಿ.

ಜಗತ್ತಿನ ಎಷ್ಟೋ ಕಂಪನಿಗಳ ಪರವಾಗಿ ಚಂದಾ ವಸೂಲಿ ಮಾಡಿಕೊಡುವ ಸ್ಟ್ರೈಪ್ ಎನ್ನುವ ಸಂಸ್ಥೆಯ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. ಪ್ಲಾನ್ ಬದಲಾದಾಗ ಏನು ಮಾಡಬೇಕು ಎನ್ನುವುದನ್ನು ಪ್ರೋಗ್ರಾಮರ್ ಅಲ್ಲಿ ಒಂದೇ ಒಂದು ಪದದಲ್ಲಿ ಹೇಳುತ್ತಾನೆ.

```
proration_behavior = create_prorations
proration_behavior = always_invoice
proration_behavior = none
```

ಮೊದಲನೆಯದು ಎರಡು ಸಾಲುಗಳನ್ನು ಬರೆದಿಟ್ಟು ಮುಂದಿನ ಬಿಲ್ಲಿಗೆ ಸೇರಿಸುತ್ತದೆ. ಎರಡನೆಯದು ಅದೇ ಸಾಲುಗಳಿಗೆ ಆಗಲೇ ಒಂದು ಬಿಲ್ಲು ಮಾಡಿ ವಸೂಲಿಗೆ ಹೊರಡುತ್ತದೆ. ಮೂರನೆಯದರಲ್ಲಿ ಪ್ರೊರೇಶನ್ನೇ ಇಲ್ಲ. ಪ್ರೋಗ್ರಾಮರ್ ಏನೂ ಹೇಳದಿದ್ದರೆ ಜಾರಿಗೆ ಬರುವುದು ಮೊದಲನೆಯದು. ಮುಂದಿನ ಬಿಲ್ಲಿಗೆ ಸೇರಿಸುವುದು ತನ್ನಷ್ಟಕ್ಕೆ ತಪ್ಪಲ್ಲ, ಆದರೆ ಆಗ ಗ್ರಾಹಕನಿಗೆ ಮೊದಲೇ ಹೇಳುವ ಕೆಲಸ ಕಂಪನಿಯ ಮೇಲೆ ಬೀಳುತ್ತದೆ. ಅಕ್ಕನ ಸೇವೆ ಮುಂದಿನ ಬಿಲ್ಲಿಗೆ ಸೇರಿಸಿತು, ಹೇಳಲಿಲ್ಲ. 13ರಂದೇ 540 ಮತ್ತು ಅದರ ಜಿಎಸ್‌ಟಿ, ಒಟ್ಟು 637 ರೂಪಾಯಿ 20 ಪೈಸೆ ತೆಗೆದುಕೊಂಡಿದ್ದರೆ ಅಕ್ಕ ಫೋನ್ ಮಾಡುತ್ತಲೇ ಇರಲಿಲ್ಲ. ದುಡ್ಡು ಅಷ್ಟೇ, ತಾರೀಖು ಬೇರೆ. ಗ್ರಾಹಕನ ನಂಬಿಕೆಯ ದೃಷ್ಟಿಯಿಂದ ಒತ್ತಿದ ದಿನವೇ ವಸೂಲಿ ಮಾಡುವುದು ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಯಾವುದಕ್ಕೆ ದುಡ್ಡು ಹೋಯಿತು ಎನ್ನುವುದು ಆಗ ಕಣ್ಣೆದುರಿಗೇ ಇರುತ್ತದೆ.

ಇನ್ನೊಂದು ಪದ್ಧತಿಯಲ್ಲಿ ಬಿಲ್ಲಿನ ತಾರೀಖೇ ಬದಲಾಗುತ್ತದೆ. ಐಫೋನಿನ ಆ್ಯಪ್ ಸ್ಟೋರ್ ಮೂಲಕ ಚಂದಾದಾರರಾದವರು ಮೇಲಿನ ಪ್ಲಾನಿಗೆ ಹೋದರೆ ಹೊಸ ಪ್ಲಾನು ಆ ಕ್ಷಣವೇ ಶುರು. ಅದರ ಪೂರ್ತಿ ದುಡ್ಡು ಕಟ್ಟಾಗುತ್ತದೆ, ಹಳೆಯ ಪ್ಲಾನಿನಲ್ಲಿ ಉಳಿದ ದಿನಗಳ ದುಡ್ಡನ್ನು ಆ್ಯಪಲ್ ಹಿಂದಿರುಗಿಸುತ್ತದೆ. ಅಕ್ಕನ ಲೆಕ್ಕವನ್ನೇ ಇಲ್ಲಿ ಹಾಕಿದರೆ, ತೆರಿಗೆ ಬಿಟ್ಟು, 1,500 ಹೋಗಿ 360 ವಾಪಸು. ಮುಂದಿನ ಬಿಲ್ಲು ಜುಲೈ 1ಕ್ಕಲ್ಲ, ಜುಲೈ 13ಕ್ಕೆ. ಹೋದ ದುಡ್ಡು ಒಂದು ಸಾಲಿನಲ್ಲಿ, ಬಂದ ದುಡ್ಡು ಇನ್ನೊಂದು ಸಾಲಿನಲ್ಲಿ ಕಾಣುವುದರಿಂದ, ವಾಪಸು ಬಂದದ್ದನ್ನು ನೋಡದೆ ಗಾಬರಿಯಾಗುವವರಿದ್ದಾರೆ.

ಆ್ಯಂಡ್ರಾಯ್ಡ್ ಫೋನಿನ ಗೂಗಲ್ ಪ್ಲೇಯಲ್ಲಿ ಆ್ಯಪ್ ಮಾಡಿದವರಿಗೆ ಹಲವು ಆಯ್ಕೆಗಳಿವೆ. ಅವುಗಳಲ್ಲೊಂದು ನನಗೆ ವಿಶೇಷವಾಗಿ ಕಾಣುತ್ತದೆ. ಅದರ ಹೆಸರು `WITH_TIME_PRORATION`. ಇದರಲ್ಲಿ ಉಳಿದ ದುಡ್ಡನ್ನು ದುಡ್ಡಾಗಿ ಕೊಡುವುದಿಲ್ಲ, ಹೊಸ ಪ್ಲಾನಿನ ದಿನಗಳಾಗಿ ಕೊಡುತ್ತಾರೆ. ಅಕ್ಕನ 360 ರೂಪಾಯಿಗೆ, ದಿನಕ್ಕೆ 50ರಂತೆ, ಪ್ರೀಮಿಯಂನ ಏಳು ದಿನ ಮತ್ತು ಒಂದಿಷ್ಟು ಗಂಟೆ ಸಿಗುತ್ತದೆ. 13ರಂದು ಏನೂ ಕೊಡಬೇಕಿಲ್ಲ. ಆದರೆ ಜೂನ್ 20ರ ಹೊತ್ತಿಗೆ ಆ ದಿನಗಳು ಮುಗಿದು ಪೂರ್ತಿ 1,500 ಕಟ್ಟಾಗುತ್ತದೆ. ತಿಂಗಳ ಕೊನೆಗೆ ಬರುತ್ತದೆಂದು ಕಾಯುತ್ತಿದ್ದ ಬಿಲ್ಲು ಹತ್ತು ದಿನ ಮೊದಲೇ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಅಲ್ಲಿಯೂ ಯಾರೂ ಹೆಚ್ಚು ದುಡ್ಡು ತೆಗೆದುಕೊಂಡಿಲ್ಲ, ತಾರೀಖು ಮಾತ್ರ ಹಿಂದಕ್ಕೆ ಬಂದಿದೆ.

ಪ್ರೊರೇಶನ್ ಇಲ್ಲದ ಪ್ಲಾನುಗಳಲ್ಲಿ ಮಾತ್ರ ನಿಮ್ಮ ಲಾಭ ನಷ್ಟ ನಿಜವಾಗಿ ಬದಲಾಗುತ್ತದೆ. ಈಗ ಮೇಲಿನ ಪ್ಲಾನ್ ಕೊಟ್ಟು ಮುಂದಿನ ತಿಂಗಳಿಂದ ಹೊಸ ದರ ಹಾಕುವ ಕಂಪನಿಯಾದರೆ ತಿಂಗಳ ಶುರುವಿನಲ್ಲೇ ಬದಲಿಸಿಕೊಳ್ಳುವುದು ಜಾಣತನ. ಹಳೆಯ ದುಡ್ಡಿಗೆ ಜಮಾ ಕೊಡದೆ ಹೊಸ ಪ್ಲಾನಿನ ಪೂರ್ತಿ ದರ ಕೇಳುವ ಕಂಪನಿಯಾದರೆ ಹಳೆಯ ಅವಧಿ ಮುಗಿಯುವವರೆಗೆ ಕಾಯಬೇಕು. ಸರಿಯಾದ ಪ್ರೊರೇಶನ್ ಇರುವ ಕಡೆ ಕಾದರೂ ಲಾಭವಿಲ್ಲ, ಆತುರಪಟ್ಟರೂ ನಷ್ಟವಿಲ್ಲ. ಬೇಕಾದ ದಿನ ಬದಲಿಸಿಕೊಳ್ಳಬಹುದು.

ಇನ್ನು ದಿನ ಎಂದರೆ ಎಷ್ಟು ಹೊತ್ತು? ಹಾಲಿನ ಲೆಕ್ಕದಲ್ಲಿ ಈ ಪ್ರಶ್ನೆ ಬರುವುದಿಲ್ಲ, ಕಂಪ್ಯೂಟರಿನ ಲೆಕ್ಕದಲ್ಲಿ ಬರುತ್ತದೆ. ಅಕ್ಕ ಗುಂಡಿ ಒತ್ತಿದ್ದು ಸಂಜೆ ಆರಕ್ಕೆ. ಆದರೆ ಆ ಸೇವೆ ದಿನದ ಲೆಕ್ಕ ಇಡುವುದರಿಂದ 13ನೇ ತಾರೀಖನ್ನು ಪೂರ್ತಿಯಾಗಿ ಪ್ರೀಮಿಯಂಗೆ ಸೇರಿಸಿತು. ಗಂಟೆಯ ಲೆಕ್ಕ ಹಾಕಿದ್ದರೆ ಉಳಿದದ್ದು ಹದಿನೇಳೂಕಾಲು ದಿನ, ಅವಳು ಕೊಡಬೇಕಾದದ್ದು 517 ರೂಪಾಯಿ 50 ಪೈಸೆ. 22 ರೂಪಾಯಿ 50 ಪೈಸೆಯ ವ್ಯತ್ಯಾಸ. ಇದು ಮೋಸವಲ್ಲ, ಪದ್ಧತಿ. ಆದರೆ ಷರತ್ತುಗಳ ಪುಟದಲ್ಲಿ ಯಾವ ಪದ್ಧತಿ ಎಂದು ಬರೆದಿರಬೇಕು.

ಸ್ಟ್ರೈಪ್‌ನಂಥ ವ್ಯವಸ್ಥೆ ಸೆಕೆಂಡಿನ ಲೆಕ್ಕ ಇಡುತ್ತದೆ. 30 ದಿನಕ್ಕೆ 25,92,000 ಸೆಕೆಂಡು, ಅದರಲ್ಲಿ ಎಷ್ಟು ಉಳಿದಿದೆಯೋ ಅಷ್ಟರ ಪಾಲು. ಇದರಿಂದ ಇನ್ನೊಂದು ಚಿಕ್ಕ ಗೊಂದಲ ಹುಟ್ಟುತ್ತದೆ. 'ಈಗ ಬದಲಿಸಿದರೆ ಇಷ್ಟಾಗುತ್ತದೆ' ಎಂದು ಪರದೆ ತೋರಿಸುವ ಮೊತ್ತಕ್ಕೂ ಕೊನೆಗೆ ಕಟ್ಟಾಗುವ ಮೊತ್ತಕ್ಕೂ ಪೈಸೆಗಳ ವ್ಯತ್ಯಾಸ ಬರುತ್ತದೆ. ಅಕ್ಕನ ಎರಡು ಪ್ಲಾನುಗಳ ನಡುವಿನ ಅಂತರ ದಿನಕ್ಕೆ 30 ರೂಪಾಯಿ, ಅಂದರೆ ನಿಮಿಷಕ್ಕೆ ಸುಮಾರು ಎರಡು ಪೈಸೆ. ಮೊತ್ತ ನೋಡಿ ಹತ್ತು ನಿಮಿಷ ಯೋಚಿಸಿ ಒತ್ತಿದರೆ ಇಪ್ಪತ್ತು ಪೈಸೆ ಕಮ್ಮಿಯಾಗುತ್ತದೆ. ಇದನ್ನು ತಪ್ಪಿಸಲು ಮೊತ್ತ ತೋರಿಸಿದ ಕ್ಷಣವನ್ನೇ ನೆನಪಿಟ್ಟುಕೊಂಡು ಅದೇ ಕ್ಷಣದ ಲೆಕ್ಕ ಹಾಕುವ ಅನುಕೂಲವಿದೆ. ಒಳ್ಳೆಯ ಪ್ರೋಗ್ರಾಮರ್ ಅದನ್ನು ಬಳಸುತ್ತಾನೆ.

ಗಡಿಯಾರದ ತೊಂದರೆ ಇದಕ್ಕಿಂತ ದೊಡ್ಡದು. ಬಹಳಷ್ಟು ಸರ್ವರುಗಳು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಓಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಮೆರಿಕದಲ್ಲಿರುವ ಕನ್ನಡದ ಮಕ್ಕಳಿಗೆ ಅಕ್ಕ ಬೆಳಿಗ್ಗೆ ಐದಕ್ಕೇ ಪಾಠ ಶುರುಮಾಡುತ್ತಾಳೆ. 13ರಂದು ಆ ಹೊತ್ತಿನಲ್ಲಿ ಅವಳು ಗುಂಡಿ ಒತ್ತಿದ್ದರೆ ಯುಟಿಸಿ ಗಡಿಯಾರದಲ್ಲಿ ಆಗಿನ್ನೂ 12ನೇ ತಾರೀಖು, ರಾತ್ರಿ ಹನ್ನೊಂದೂವರೆ. ದಿನದ ಲೆಕ್ಕ ಇಡುವ ವ್ಯವಸ್ಥೆಯಾದರೆ 18ರ ಬದಲು 19 ದಿನ ಎಣಿಸಿ 540ರ ಬದಲು 570 ಕೇಳುತ್ತಿತ್ತು. ಬಿಲ್ಲಿನಲ್ಲಿ 'after 12 Jun' ಎಂದು ಇರುತ್ತಿತ್ತು. ನೀವು ಒತ್ತಿದ ತಾರೀಖಿಗಿಂತ ಒಂದು ದಿನ ಹಿಂದಿನ ತಾರೀಖು ಬಿಲ್ಲಿನಲ್ಲಿ ಕಂಡರೆ ಕಾರಣ ಹೆಚ್ಚಾಗಿ ಇದೇ. ಕೇಳಿದರೆ ಸರಿಮಾಡಿಕೊಡಬೇಕಾದ ತಪ್ಪು ಇದು.

ಸರಿಯಾದ ಲೆಕ್ಕವೂ ಒಂದು ಊಹೆಯ ಮೇಲೆ ನಿಂತಿದೆ: ಎಲ್ಲ ದಿನಗಳ ಬೆಲೆ ಒಂದೇ. ಜೂನ್ ಮೊದಲ ಹನ್ನೆರಡು ದಿನದಲ್ಲಿ ಅಕ್ಕ ಒಂದೂ ಪಾಠ ಮಾಡಿರದಿದ್ದರೂ ಆ 240 ರೂಪಾಯಿ ಖರ್ಚೇ. ತಿಂಗಳಿಡೀ ಬಳಸಬೇಕಾದ ರೆಕಾರ್ಡಿಂಗ್ ಗಂಟೆಗಳನ್ನೆಲ್ಲ ಆ ಹನ್ನೆರಡು ದಿನದಲ್ಲೇ ಮುಗಿಸಿದ್ದರೂ 360 ಜಮಾ ಬರುತ್ತದೆ. ಪ್ರೊರೇಶನ್ ನೋಡುವುದು ಕಾಲವನ್ನು, ಬಳಕೆಯನ್ನಲ್ಲ. ನಿಮಿಷಕ್ಕಿಷ್ಟು, ಜಿಬಿಗಿಷ್ಟು ಎಂದು ಬಳಕೆಯ ಮೇಲೆ ಬರುವ ಖರ್ಚಿಗೆ ಪ್ರೊರೇಶನ್ ಹಚ್ಚುವುದಿಲ್ಲ. ಹಾಗೆಯೇ ಕೆಲವು ಸೇವೆಗಳು ತಿಂಗಳ ಬಾಡಿಗೆಯನ್ನು ಮಾತ್ರವಲ್ಲ, ತಿಂಗಳಿಗೆ ಕೊಡುವ ಡೇಟಾವನ್ನೂ ಉಳಿದ ದಿನಗಳಿಗೆ ತಕ್ಕಂತೆ ಕತ್ತರಿಸಿ ಕೊಡುತ್ತವೆ. ಅರ್ಧ ತಿಂಗಳ ದುಡ್ಡು ಕೊಟ್ಟವರು ಪೂರ್ತಿ ತಿಂಗಳ ಡೇಟಾ ಇದೆ ಎಂದು ನಂಬಿ ಬಳಸಿದರೆ ಹೆಚ್ಚುವರಿ ಬಿಲ್ಲು ಬರುತ್ತದೆ.

ನಿಜವಾದ ತಪ್ಪುಗಳು ಆಗುವುದು ಒಂದೇ ತಿಂಗಳಲ್ಲಿ ಎರಡು ಬದಲಾವಣೆ ಆದಾಗ. ಅಕ್ಕ 22ನೇ ತಾರೀಖು ಇನ್ನೂ ಮೇಲಿನ 3,000 ರೂಪಾಯಿಯ ಪ್ಲಾನಿಗೆ ಹೋಗಿದ್ದಳು ಎಂದುಕೊಳ್ಳಿ. ದಿನಕ್ಕೆ 100 ರೂಪಾಯಿ, ಉಳಿದದ್ದು 9 ದಿನ. ಹೊಸ ಪ್ಲಾನಿಗೆ 900 ಖರ್ಚು. ಈಗ ಜಮಾ ಕೊಡಬೇಕಾದದ್ದು ಯಾವ ಪ್ಲಾನಿಗೆ? ಆ ಹೊತ್ತಿಗೆ ಅವಳಿದ್ದದ್ದು ಪ್ರೀಮಿಯಂನಲ್ಲಿ, ಅದರ 9 ದಿನಕ್ಕೆ 450. ಆದರೆ ಆ ಪ್ರೀಮಿಯಂ ದುಡ್ಡು ಇನ್ನೂ ಕಟ್ಟಾಗಿಲ್ಲ, ಮುಂದಿನ ಬಿಲ್ಲಿನಲ್ಲಿ ಕಾಯುತ್ತಿದೆ. ಅರೆಬರೆ ಬರೆದ ಸಾಫ್ಟ್‌ವೇರ್ ಕೊನೆಯದಾಗಿ ದುಡ್ಡು ಬಂದ ಬಿಲ್ಲನ್ನು ಹುಡುಕಿ, ಅದರಲ್ಲಿರುವ ಬೇಸಿಕ್ ದರದಲ್ಲಿ 180 ಮಾತ್ರ ಜಮಾ ಕೊಡುತ್ತದೆ. ಅಕ್ಕನಿಗೆ 270 ರೂಪಾಯಿ ನಷ್ಟ. ಇಂಥ ತಪ್ಪನ್ನು ನಾನೇ ಹುಡುಕಿ ತಿದ್ದಿದ್ದೇನೆ. ಗ್ರಾಹಕರು ಇದನ್ನು ಕಂಡುಹಿಡಿಯುವುದು ಕಷ್ಟ, ಯಾಕೆಂದರೆ ಬಿಲ್ಲಿನ ಪ್ರತಿ ಸಾಲೂ ಬೇರೆಬೇರೆಯಾಗಿ ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಕ್ಯಾಲೆಂಡರಿನಲ್ಲಿ ಎರಡು ಗೆರೆ ಎಳೆದು ನೋಡಿದರೆ ಮಾತ್ರ ಸಿಕ್ಕಿಬೀಳುತ್ತದೆ: 12 ದಿನಕ್ಕೆ 240, 9 ದಿನಕ್ಕೆ 450, 9 ದಿನಕ್ಕೆ 900, ಒಟ್ಟು 1,590.

ರಿಯಾಯಿತಿಯಲ್ಲಿ ಸೇರಿದವರು ಇನ್ನೊಂದನ್ನು ಗಮನಿಸಬೇಕು. ಮೊದಲ ತಿಂಗಳು ಅರ್ಧ ಬೆಲೆ ಎಂದು 600ರ ಪ್ಲಾನಿಗೆ ನೀವು 300 ಕೊಟ್ಟಿದ್ದರೆ ನಿಮಗೆ ಬರುವ ಜಮಾ 360 ಅಲ್ಲ, 180. ಕೊಟ್ಟದ್ದರ ಪಾಲು ಮಾತ್ರ ವಾಪಸು ಬರುತ್ತದೆ. ಆ ರಿಯಾಯಿತಿ ಹೊಸ ಪ್ಲಾನಿಗೆ ಅನ್ವಯಿಸದಿದ್ದರೆ 540ರ ಬದಲು 720 ಕೊಡಬೇಕಾಗುತ್ತದೆ. ಉಚಿತ ಪ್ರಯೋಗದ ಅವಧಿಯಲ್ಲಿ ಬದಲಿಸಿದರೆ ಜಮಾ ಸೊನ್ನೆ.

ಕೆಳಗಿನ ಪ್ಲಾನಿಗೆ ಇಳಿಯುವ ವಿಷಯ ಬೇರೆ. ಹೆಚ್ಚಿನ ಕಡೆ ಅದು ಆ ತಿಂಗಳು ಮುಗಿದ ಮೇಲೆಯೇ ಜಾರಿಗೆ ಬರುತ್ತದೆ. ತಕ್ಷಣ ಜಾರಿಯಾದರೂ ಉಳಿದ ದುಡ್ಡು ಮುಂದಿನ ಬಿಲ್ಲಿಗೆ ಜಮಾ ಆಗಿ ಕೂರುತ್ತದೆ, ಬ್ಯಾಂಕಿಗೆ ವಾಪಸು ಬರುವುದು ಕಮ್ಮಿ.

ವರ್ಷದ ಪ್ಲಾನಿನಲ್ಲಿ ಲೆಕ್ಕದ ರೀತಿ ಅದೇ, ಮೊತ್ತ ದೊಡ್ಡದು. ವರ್ಷಕ್ಕೆ 6,000ದ ಪ್ಲಾನಿನಲ್ಲಿ 73 ದಿನ ಕಳೆದ ಮೇಲೆ 15,000ದ ಪ್ಲಾನಿಗೆ ಹೋದರೆ, 365ರಲ್ಲಿ ಉಳಿದದ್ದು 292 ದಿನ. 4,800 ಜಮಾ, 12,000 ಖರ್ಚು, ಕೈಯಿಂದ 7,200. ತಿಂಗಳ ಪ್ಲಾನಿನಿಂದ ವರ್ಷದ ಪ್ಲಾನಿಗೆ ಹೋಗುವಾಗ ಮಾತ್ರ ಹಳೆಯ ತಾರೀಖು ಉಳಿಯುವುದಿಲ್ಲ, ಬದಲಿಸಿದ ದಿನದಿಂದಲೇ ಹೊಸ ವರ್ಷ ಶುರುವಾಗುವುದು ವಾಡಿಕೆ. ಅಕ್ಕ ಅವತ್ತು ತಿಂಗಳ ಬೇಸಿಕ್‌ನಿಂದ ವರ್ಷದ 15,000ದ ಪ್ಲಾನಿಗೆ ಹೋಗಿದ್ದರೆ 360 ಕಳೆದು 14,640, ಜಿಎಸ್‌ಟಿ ಸೇರಿ 17,275 ರೂಪಾಯಿ 20 ಪೈಸೆ.

ಇಲ್ಲಿ ನಮ್ಮ ದೇಶದ ನಿಯಮವೊಂದು ನಡುವೆ ಬರುತ್ತದೆ. ಕಾರ್ಡಿನಿಂದ ಅಥವಾ ಯುಪಿಐಯಿಂದ ಪ್ರತಿ ತಿಂಗಳೂ ತಾನಾಗಿ ದುಡ್ಡು ಹೋಗಬೇಕಾದರೆ ನೀವು ಮೊದಲೇ ಒಪ್ಪಿಗೆ ಕೊಟ್ಟಿರಬೇಕು. ಇದಕ್ಕೆ ಮ್ಯಾಂಡೇಟ್ ಎನ್ನುತ್ತಾರೆ. ರಿಸರ್ವ್ ಬ್ಯಾಂಕಿನ ಈ ನಿಯಮ 2021ರ ಅಕ್ಟೋಬರ್ 1ರಿಂದ ಬಿಗಿಯಾಗಿ ಜಾರಿಯಾಯಿತು. ಇಂಥ ಚಂದಾಗಳಲ್ಲಿ ಒಟಿಪಿ ಕೇಳದೆ ತೆಗೆಯಬಹುದಾದ ಮಿತಿ ಮೊದಲು 5,000 ರೂಪಾಯಿ ಇತ್ತು, 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ಅದಕ್ಕೆ ಮೀರಿದ್ದಾದರೆ ಪ್ರತಿ ಸಲವೂ ನಿಮ್ಮ ಒಪ್ಪಿಗೆ ಬೇಕು. ವರ್ಷದ 15,000ದ ಪ್ಲಾನು ಜಿಎಸ್‌ಟಿ ಸೇರಿ 17,700 ಆಗುವುದರಿಂದ ಮುಂದಿನ ವರ್ಷ ತಾನಾಗಿ ನವೀಕರಣವಾಗುತ್ತದೆ ಎಂದು ಕೂರುವಂತಿಲ್ಲ.

ಮ್ಯಾಂಡೇಟ್ ಕೊಡುವಾಗ ಹೆಚ್ಚೆಂದರೆ ಎಷ್ಟು ತೆಗೆಯಬಹುದು ಎಂಬ ಗರಿಷ್ಠ ಮೊತ್ತವೂ ಅದರಲ್ಲಿ ಇರುತ್ತದೆ. ಅಕ್ಕನದು 5,000ಕ್ಕೆ ಇತ್ತು, ಅದಕ್ಕೇ 2,407 ಸಲೀಸಾಗಿ ಹೋಯಿತು. ಅದು 1,000ಕ್ಕೆ ಇದ್ದಿದ್ದರೆ ಪಾವತಿ ವಿಫಲವಾಗುತ್ತಿತ್ತು. ಹಾಗಾದಾಗ ತೊಂದರೆ ಗೊತ್ತಾಗುವುದು ಅಪ್‌ಗ್ರೇಡ್ ಮಾಡಿದ ದಿನವಲ್ಲ, ಎಷ್ಟೋ ದಿನದ ಮೇಲೆ ಬಿಲ್ಲಿನ ತಾರೀಖಿಗೆ. ಪಾಠದ ನಡುವೆ ಸೇವೆ ನಿಂತಾಗ ಅದರ ಕಾರಣ ಎರಡು ವಾರ ಹಿಂದೆ ಒತ್ತಿದ ಗುಂಡಿ ಎಂದು ಯಾರಿಗೆ ಹೊಳೆಯುತ್ತದೆ? ಮೇಲಿನ ಪ್ಲಾನಿಗೆ ಹೋದ ದಿನವೇ ಬ್ಯಾಂಕಿನ ಅಥವಾ ಯುಪಿಐ ಆ್ಯಪಿನಲ್ಲಿ ಮ್ಯಾಂಡೇಟಿನ ಗರಿಷ್ಠ ಮೊತ್ತ ನೋಡಿಕೊಳ್ಳುವುದು ಒಳ್ಳೆಯದು.

ಇದೇ ನಿಯಮದಲ್ಲಿ ನಮಗೆ ಅನುಕೂಲವಾದ ಒಂದು ಅಂಶವಿದೆ. ಬ್ಯಾಂಕು ದುಡ್ಡು ತೆಗೆಯುವ ಕನಿಷ್ಠ 24 ಗಂಟೆ ಮೊದಲು ನಿಮಗೆ ಸಂದೇಶ ಕಳಿಸಬೇಕು. ಯಾರಿಗೆ, ಎಷ್ಟು, ಯಾವ ತಾರೀಖು ಎಂದು ಅದರಲ್ಲಿ ಇರಬೇಕು, ಬೇಡವೆಂದರೆ ತಡೆಯುವ ದಾರಿಯೂ ಇರಬೇಕು. ಪ್ರೊರೇಶನ್ ಸೇರಿದ ಮೊತ್ತ ಮೊದಲು ಕಾಣಿಸಿಕೊಳ್ಳುವುದು ಆ ಸಂದೇಶದಲ್ಲಿ. "ನಿಂಗೆ ಮೆಸೇಜ್ ಬಂದಿತ್ತಾ ನೋಡು" ಅಂದೆ. ಅಕ್ಕ ಹುಡುಕಿದಳು. ಜೂನ್ 29ರ ರಾತ್ರಿ ಬಂದಿತ್ತು, 2,407.20 ಎಂದು ಸ್ಪಷ್ಟವಾಗಿ. ಜಾಹೀರಾತಿನ ಸಂದೇಶಗಳ ರಾಶಿಯಲ್ಲಿ ಓದದೆ ಬಿದ್ದಿತ್ತು.

ಅಪ್‌ಗ್ರೇಡ್ ಗುಂಡಿ ಒತ್ತುವ ಮೊದಲು ಪರದೆಯಲ್ಲಿ ಮೂರು ಉತ್ತರ ಹುಡುಕಿ: ಇವತ್ತು ಎಷ್ಟು ಹೋಗುತ್ತದೆ, ಮುಂದಿನ ಬಿಲ್ಲು ಯಾವ ತಾರೀಖಿಗೆ, ಆ ಬಿಲ್ಲು ಎಷ್ಟು. ಮೂರೂ ತೋರಿಸುವ ಕಂಪನಿಯ ಮೇಲೆ ನನಗೆ ನಂಬಿಕೆ. ಒಂದಾದರೂ ಕಾಣದಿದ್ದರೆ ಒತ್ತುವ ಮೊದಲೇ ಅವರಿಗೊಂದು ಇಮೇಲ್ ಬರೆದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಒತ್ತಿದ ತಾರೀಖನ್ನೂ ಹೊತ್ತನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಬಿಲ್ಲು ಬಂದ ಮೇಲೆ ತಾಳೆ ನೋಡಿ. ಹೊಂದಾಣಿಕೆಯ ಸಾಲುಗಳು ಒಂದೇ ಒಂದು ಬಿಲ್ಲಿನಲ್ಲಿ ಬಂದು ಮುಗಿಯಬೇಕು. ಅದರ ಮುಂದಿನ ಬಿಲ್ಲು ಪ್ಲಾನಿನ ದರ ಮತ್ತು ತೆರಿಗೆಗೆ ಬಂದು ನಿಲ್ಲದಿದ್ದರೆ ಆಗ ಧಾರಾಳವಾಗಿ ಜಗಳಕ್ಕೆ ಹೋಗಬಹುದು.

ಆಗಸ್ಟ್ ಒಂದಕ್ಕೆ ಅಕ್ಕ ಮತ್ತೆ ಬಿಲ್ಲಿನ ಫೋಟೊ ಕಳಿಸಿದಳು. 1,770 ರೂಪಾಯಿ ಇತ್ತು.